ಸ್ಲೈಡ್ ಒಳಗಿನ ಡೆಮೊ ವಿಡಿಯೊಗಳಿಂದ ಸ್ಕ್ರೀನ್‌ಶಾಟ್ ಕೈಪಿಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ನಮ್ಮ ಕಾಲೇಜಿನಲ್ಲಿ ಸಾಫ್ಟ್‌ವೇರ್ ಟೂಲ್ಸ್ ಕೋರ್ಸ್ ಇದೆ. ಪಾಠಗಳೆಲ್ಲ ಪವರ್‌ಪಾಯಿಂಟ್ ಸ್ಲೈಡುಗಳಲ್ಲಿವೆ. ಟೂಲ್ ಬಳಸಿ ತೋರಿಸುವ ಡೆಮೊ ವಿಡಿಯೊಗಳೂ ಅದೇ ಸ್ಲೈಡುಗಳೊಳಗೆ ಕೂತಿವೆ. ಆ ವಿಡಿಯೊಗಳನ್ನು ಗುರುತು ಹಾಕಿದ ಸ್ಕ್ರೀನ್‌ಶಾಟ್ ಕೈಪಿಡಿಗಳಾಗಿ ಮಾಡುವ ಕೆಲಸ ಈಗ ನಡೆಯುತ್ತಿದೆ. ಅದನ್ನು ನೋಡಿ ಇಲ್ಲಿನ ಮತ್ತು ಹಾಸನದ ಕಡೆಯ ಅಧ್ಯಾಪಕರು, ಲ್ಯಾಬ್ ನೋಡಿಕೊಳ್ಳುವವರು ಕೇಳುತ್ತಿರುವ ಪ್ರಶ್ನೆಗಳು ಇವು. ಉದಾಹರಣೆಗೆ ಉದ್ದಕ್ಕೂ ಒಂದೇ ಪಾಠ ಇಟ್ಟುಕೊಂಡಿದ್ದೇನೆ: ಮಳೆ ಅಳತೆಯ ಸಿಎಸ್‌ವಿ ಫೈಲನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ಮಾಡುವ ಟೂಲಿಗೆ ತರುವುದು.

ವಿಡಿಯೊ ಇದೆಯಲ್ಲ, ಮತ್ತೆ ಸ್ಕ್ರೀನ್‌ಶಾಟ್ ಯಾಕೆ?

ವಿದ್ಯಾರ್ಥಿ ಕೆಲಸ ಮಾಡುವಾಗ ಅವನ ಎರಡೂ ಕೈ ಟೂಲಿನ ಮೇಲಿರುತ್ತವೆ. ವಿಡಿಯೊ ಅವನಿಗಾಗಿ ಕಾಯುವುದಿಲ್ಲ. ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ನೋಡಿ, ಅಷ್ಟರಲ್ಲಿ ತಾನು ಎಲ್ಲಿದ್ದೆ ಅನ್ನೋದೇ ಮರೆತಿರುತ್ತದೆ. ಚಿತ್ರವಾದರೆ ಪಕ್ಕದಲ್ಲಿ ಸುಮ್ನೆ ಇರುತ್ತದೆ. ಬೇಕಾದ ಹೆಜ್ಜೆಗೆ ಕಣ್ಣು ಹಾಯಿಸಿದರೆ ಸಾಕು.

ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಕಳಸ, ಕೊಪ್ಪ, ಮೂಡಿಗೆರೆ ಕಡೆಯ ಹಳ್ಳಿಗಳಿಂದ ಬರುವವರಿಗೆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ. ಮಳೆಗಾಲದಲ್ಲಂತೂ ಕರೆಂಟೂ ಇರುವುದಿಲ್ಲ. ವಿಡಿಯೊ ತುಂಬಿದ ಸ್ಲೈಡ್ ಫೈಲ್ ನೂರಾರು ಎಂಬಿ ಆಗಿರುತ್ತದೆ, ಫೋನಿಗೆ ಇಳಿಯುವುದೇ ಇಲ್ಲ. ಇಳಿದರೂ ಫೋನಿನ ಎಷ್ಟೋ ವ್ಯೂವರ್‌ಗಳಲ್ಲಿ ವಿಡಿಯೊ ಓಡುವುದಿಲ್ಲ. ಸ್ಲೈಡನ್ನು ಪಿಡಿಎಫ್ ಮಾಡಿ ಕೊಟ್ಟರೆ ವಿಡಿಯೊ ಇದ್ದ ಜಾಗದಲ್ಲಿ ಅದರ ಮೊದಲ ಚಿತ್ರವೊಂದೇ ಉಳಿಯುತ್ತದೆ. ಪಾಠದ ಮುಖ್ಯ ಭಾಗವೇ ಹೋದ ಹಾಗೆ, ಅಲ್ವಾ?

ವಿಡಿಯೊವನ್ನು ಸ್ಲೈಡಿನಿಂದ ಹೊರಗೆ ತೆಗೆಯೋದು ಹೇಗೆ?

ಸ್ಲೈಡ್ ಶೋ ಹಾಕಿ ಅದರ ಸ್ಕ್ರೀನ್‌ಶಾಟ್ ತೆಗೆಯಬೇಡಿ. ಸ್ಲೈಡಿನಲ್ಲಿ ವಿಡಿಯೊವನ್ನು ಒಂದು ಮೂಲೆಗೆ ಕುಗ್ಗಿಸಿ ಇಟ್ಟಿರುತ್ತಾರೆ. ನಿಮಗೆ ಸಿಗುವುದು ಆ ಕುಗ್ಗಿದ ಚಿತ್ರ. ಮೂಲ ವಿಡಿಯೊದಲ್ಲಿ ಅಕ್ಷರ ಅದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ.

ವಿಂಡೋಸ್ ಪವರ್‌ಪಾಯಿಂಟಿನಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ `Save Media as...` ಕೊಟ್ಟರೆ ಆಯಿತು. ತುಂಬಾ ವಿಡಿಯೊ ಇದ್ದರೆ ಬೇರೆ ದಾರಿ ಸುಲಭ. ಪಿಪಿಟಿಎಕ್ಸ್ ಅನ್ನುವುದು ಒಳಗೊಳಗೆ ಒಂದು ಜಿಪ್ ಫೈಲು. ಅದರ ಪ್ರತಿ ಮಾಡಿ, ಪ್ರತಿಯ ಕೊನೆಯ `.pptx` ಅನ್ನು `.zip` ಅಂತ ಬದಲಿಸಿ ಬಿಚ್ಚಿ. `ppt/media` ಫೋಲ್ಡರಿನಲ್ಲಿ ಎಲ್ಲ ವಿಡಿಯೊಗಳೂ ಸಿಗುತ್ತವೆ. ಲಿನಕ್ಸ್ ಲ್ಯಾಬ್ ಇದ್ದರೆ ಹೆಸರು ಬದಲಿಸುವುದೂ ಬೇಡ:

```
unzip patha.pptx "ppt/media/*" -d horage
```

ಹಳೇ `.ppt` ಫೈಲಿಗೆ ಇದು ನಡೆಯುವುದಿಲ್ಲ. ಅದನ್ನು ಮೊದಲು ತೆರೆದು ಪಿಪಿಟಿಎಕ್ಸ್ ಆಗಿ ಉಳಿಸಿ.

ಫೋಲ್ಡರಿನಲ್ಲಿ ಬರೀ media1, media2 ಅಂತ ಇದೆ. ಯಾವುದು ಯಾವ ಸ್ಲೈಡಿನದು?

ಆ ಸಂಖ್ಯೆಗೂ ಸ್ಲೈಡಿನ ಸಂಖ್ಯೆಗೂ ಸಂಬಂಧ ಇಲ್ಲ. ಅದೇ ಜಿಪ್‌ನಲ್ಲಿ `ppt/slides/_rels` ಅಂತ ಫೋಲ್ಡರ್ ಇದೆ. ಅಲ್ಲಿರುವ `slide6.xml.rels` ಅನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅದು ಕರೆಯುವ ವಿಡಿಯೊದ ಹೆಸರು ಕಾಣುತ್ತದೆ. ಆದರೆ ಸ್ಲೈಡುಗಳನ್ನು ಹಿಂದೆ ಮುಂದೆ ಮಾಡಿದ್ದರೆ ಫೈಲಿನ ಹೆಸರಿನಲ್ಲಿರುವ 6 ಮತ್ತು ಪರದೆ ಮೇಲಿನ ಆರನೇ ಸ್ಲೈಡ್ ಬೇರೆ ಬೇರೆ ಆಗಿರಬಹುದು. ಹಾಗಾಗಿ ಒಮ್ಮೆ ಓಡಿಸಿ ಖಚಿತ ಮಾಡಿಕೊಳ್ಳಿ.

ವಿಡಿಯೊ ಫೋಲ್ಡರಿನಲ್ಲಿ ಇಲ್ಲವೇ ಇಲ್ಲ ಅಂದರೆ ಅದನ್ನು ಸ್ಲೈಡಿನೊಳಗೆ ಸೇರಿಸಿಲ್ಲ, ಕೊಂಡಿ ಮಾತ್ರ ಹಾಕಿದ್ದಾರೆ ಅಂತ ಅರ್ಥ. ಆಗ ಅದೇ `rels` ಫೈಲಿನಲ್ಲಿ `TargetMode="External"` ಅಂತ ಇರುತ್ತದೆ. ಪಕ್ಕದಲ್ಲೇ ಮೂಲ ಫೈಲಿನ ಜಾಗವೂ ಇರುತ್ತದೆ. ಸ್ಲೈಡ್ ಮಾಡಿದವರ ಕಂಪ್ಯೂಟರಿನಿಂದ ಅದನ್ನು ಕೇಳಿ ಪಡೆಯುವುದೊಂದೇ ದಾರಿ.

ಸ್ಲೈಡಿನಲ್ಲಿ 4 ನಿಮಿಷ ಓಡುವ ವಿಡಿಯೊ ಹೊರಗೆ ತೆಗೆದರೆ 11 ನಿಮಿಷ ಇದೆ. ಬೇರೆ ವಿಡಿಯೊ ಬಂತಾ?

ಇಲ್ಲ, ಅದೇ ವಿಡಿಯೊ. ಪವರ್‌ಪಾಯಿಂಟಿನಲ್ಲಿ `Trim Video` ಮಾಡಿದರೆ ವಿಡಿಯೊ ನಿಜವಾಗಿ ಕತ್ತರಿಸಿ ಹೋಗುವುದಿಲ್ಲ. ಇಲ್ಲಿಂದ ಇಲ್ಲಿವರೆಗೆ ಓಡಿಸು ಅಂತ ಗುರುತು ಮಾತ್ರ ಉಳಿಯುತ್ತದೆ. ಪೂರ್ತಿ ವಿಡಿಯೊ ಒಳಗೇ ಇರುತ್ತದೆ. ಹೀಗಾಗಿ ಎರಡು ವಿಷಯ ನೆನಪಿಡಿ. ಸ್ಲೈಡಿನಲ್ಲಿ ನೋಡಿಕೊಂಡ ಸಮಯ ಹೊರಗಿನ ಫೈಲಿಗೆ ಹೊಂದುವುದಿಲ್ಲ. ಇನ್ನೊಂದು, ಬೇಡ ಅಂತ ಬಿಟ್ಟ ಭಾಗದಲ್ಲಿ ಯಾರದೋ ಇಮೇಲ್ ಪುಟ ತೆರೆದಿರಬಹುದು. ಆ ಫೈಲನ್ನು ಹಾಗೆಯೇ ಯಾರಿಗೂ ಕಳಿಸಬೇಡಿ.

ಒಂದು ಎಚ್ಚರಿಕೆ: ಫೈಲ್ ಚಿಕ್ಕದು ಮಾಡಲು ಯಾರಾದರೂ `Compress Media` ಮಾಡಿದ್ದರೆ ಆ ಬಿಟ್ಟ ಭಾಗ ಹೋಗಿರುತ್ತದೆ, ಜೊತೆಗೆ ಗುಣಮಟ್ಟವೂ ಇಳಿದಿರಬಹುದು. 480ಪಿ ಆಯ್ಕೆ ಮಾಡಿದ್ದರೆ ಮೆನುವಿನ ಅಕ್ಷರ ಓದಲು ಬರುವುದಿಲ್ಲ. ಅಂಥ ವಿಡಿಯೊದಿಂದ ಚಿತ್ರ ತೆಗೆಯಲು ಹೋಗಿ ಸಮಯ ಕಳೆಯಬೇಡಿ. ಮುಂದಿನ ಉತ್ತರ ನೋಡಿ.

ವಿಡಿಯೊದ ಫ್ರೇಮನ್ನೇ ಬಳಸಲೋ, ಹೊಸದಾಗಿ ಸ್ಕ್ರೀನ್‌ಶಾಟ್ ತೆಗೆಯಲೋ?

ಟೂಲ್ ನಿಮ್ಮ ಲ್ಯಾಬಿನಲ್ಲಿ ಇದ್ದರೆ ಹೊಸದಾಗಿ ತೆಗೆಯಿರಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಮೊದಲ ಕಾರಣ ಚಿತ್ರದ ಗುಣಮಟ್ಟ. ವಿಡಿಯೊದಲ್ಲಿ ಬಣ್ಣದ ಮಾಹಿತಿಯನ್ನು ಸಾಮಾನ್ಯವಾಗಿ ಅಗಲಕ್ಕೂ ಎತ್ತರಕ್ಕೂ ಅರ್ಧ ಮಾಡಿ ಉಳಿಸುತ್ತಾರೆ. ಸಿನಿಮಾದಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ಬಣ್ಣದ ಹಿನ್ನೆಲೆ ಮೇಲಿನ ಸಣ್ಣ ಅಕ್ಷರ, ತೆಳು ಕೆಂಪು ಗೆರೆ ಇವೆಲ್ಲ ಹರಡಿದಂತೆ ಕಾಣುತ್ತವೆ. ನೇರವಾಗಿ ತೆಗೆದು ಪಿಎನ್‌ಜಿಯಲ್ಲಿ ಉಳಿಸಿದ ಸ್ಕ್ರೀನ್‌ಶಾಟಿನಲ್ಲಿ ಈ ತೊಂದರೆ ಇಲ್ಲ. ಜೆಪೆಗ್ ಮಾತ್ರ ಬೇಡ, ಅದು ಅಕ್ಷರದ ಸುತ್ತ ಕಲೆ ಬಿಡುತ್ತದೆ.

ಎರಡನೇ ಕಾರಣ ಇನ್ನೂ ದೊಡ್ಡದು. ವಿಡಿಯೊ ಮಾಡಿದವರ ಪರದೆ 1920×1080 ಇರುತ್ತದೆ. ಎಷ್ಟೋ ಲ್ಯಾಬುಗಳ ಹಳೇ ಮಾನಿಟರು 1366×768. ವಿಡಿಯೊದಲ್ಲಿ ಒಂದೇ ನೋಟಕ್ಕೆ ಪೂರ್ತಿ ಕಾಣುವ ಡೈಲಾಗ್ ಪೆಟ್ಟಿಗೆ ಲ್ಯಾಬಿನಲ್ಲಿ ಅರ್ಧಕ್ಕೇ ಮುಗಿಯುತ್ತದೆ, ಉಳಿದದ್ದಕ್ಕೆ ಕೆಳಗೆ ಸ್ಕ್ರೋಲ್ ಮಾಡಬೇಕು. ವಿಡಿಯೊದ ಚಿತ್ರವನ್ನೇ ಹಾಕಿದರೆ ವಿದ್ಯಾರ್ಥಿ ತನ್ನ ಪರದೆಯಲ್ಲಿ ಇಲ್ಲದ ಆಯ್ಕೆಯನ್ನು ಹುಡುಕುತ್ತಾ ಕೂರುತ್ತಾನೆ. ಹಾಗಾಗಿ ವಿದ್ಯಾರ್ಥಿ ಕೂರುವ ಕಂಪ್ಯೂಟರಿನಲ್ಲೇ ಕೂತು ತೆಗೆಯಿರಿ.

ಆಗ ವಿಡಿಯೊದ ಕೆಲಸ ಏನು? ಯಾವ ಯಾವ ಚಿತ್ರ ಬೇಕು ಅನ್ನುವ ಪಟ್ಟಿಯನ್ನು ಅದರಿಂದ ಮಾಡಿಕೊಳ್ಳಬೇಕು. ಟೂಲಿನ ಲೈಸೆನ್ಸ್ ಮುಗಿದಿದ್ದರೆ, ಅಥವಾ ಲ್ಯಾಬಿನಲ್ಲಿ ಇಲ್ಲದ ಯಂತ್ರಕ್ಕೆ ಜೋಡಿಸಿ ತೋರಿಸಿದ ಡೆಮೊ ಆಗಿದ್ದರೆ ಮಾತ್ರ ಫ್ರೇಮನ್ನೇ ಬಳಸಿ.

ವಿಡಿಯೊವನ್ನು ಎಲ್ಲೆಲ್ಲಿ ನಿಲ್ಲಿಸಿ ಚಿತ್ರ ತೆಗೆಯಬೇಕು?

ಇದೇ ಈ ಕೆಲಸದ ಜೀವಾಳ. ಹತ್ತು ಸೆಕೆಂಡಿಗೊಂದು ಅಂತ ತೆಗೆದರೆ ಪ್ರಯೋಜನವಿಲ್ಲ. ನಾನು ಪಾಲಿಸುವ ನಿಯಮ ಒಂದೇ: ವಿದ್ಯಾರ್ಥಿ ಏನನ್ನೋ ಆರಿಸಬೇಕಾದ ಕ್ಷಣಕ್ಕೆ ಒಂದು ಚಿತ್ರ. ಮೌಸ್ ಒತ್ತುವ ಮುಂಚಿನ ಪರದೆ ಬೇಕು, ಒತ್ತಿದ ನಂತರದ್ದಲ್ಲ. ಒತ್ತಿದ ಮೇಲೆ ಮೆನು ಮುಚ್ಚಿಹೋಗಿರುತ್ತದೆ, ಆಯ್ಕೆ ಎಲ್ಲಿತ್ತು ಅನ್ನುವುದೇ ಕಾಣುವುದಿಲ್ಲ. ಒತ್ತಿದ ನಂತರದ ಪರದೆ ಬೇಕಾಗುವುದು ಒಂದೇ ಕಾರಣಕ್ಕೆ: ನಾನು ಮಾಡಿದ್ದು ಸರಿಯಾಯಿತಾ ಅಂತ ವಿದ್ಯಾರ್ಥಿ ಹೋಲಿಸಿ ನೋಡಲು. ಅಂಥ ಚಿತ್ರ ಎರಡು ಮೂರು ಹೆಜ್ಜೆಗೆ ಒಂದಿದ್ದರೆ ಸಾಕು.

ಫ್ರೇಮ್ ತೆಗೆಯುವುದೇ ಆದರೆ ಮುಂದಿನ ಕ್ಲಿಕ್ಕಿಗೆ ಸುಮಾರು ಅರ್ಧ ಸೆಕೆಂಡ್ ಮುಂಚಿನದನ್ನು ತೆಗೆಯಿರಿ. ಹೊಸ ಪೆಟ್ಟಿಗೆ ತೆರೆದ ತಕ್ಷಣದ ಫ್ರೇಮುಗಳು ಮಸುಕಾಗಿರುತ್ತವೆ. ಪರದೆ ಕದಲದೆ ನಿಂತಷ್ಟೂ ವಿಡಿಯೊದ ಚಿತ್ರ ತಿಳಿಯಾಗುತ್ತಾ ಹೋಗುತ್ತದೆ. ವಿಎಲ್‌ಸಿಯಲ್ಲಿ `E` ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, `Shift+S` ಒತ್ತಿದರೆ ಚಿತ್ರ ಉಳಿಯುತ್ತದೆ. ಸಮಯ ಗೊತ್ತಿದ್ದರೆ `ffmpeg` ಅನ್ನುವ ಉಚಿತ ವಿಡಿಯೊ ಟೂಲಿನ ಕಮಾಂಡಿನಿಂದ ಹೀಗೂ ತೆಗೆಯಬಹುದು:

```
ffmpeg -ss 00:01:12.5 -i media1.mp4 -frames:v 1 hejje030.png
```

ಇನ್ನು ವಿಡಿಯೊದಲ್ಲಿ ಕಾಣದೇ ಇರುವ ಕೆಲಸಗಳು. ತೋರಿಸುವವರಿಗೆ ಕೈ ಪಳಗಿರುತ್ತದೆ. `Ctrl+L` ಒತ್ತುತ್ತಾರೆ, ಪೆಟ್ಟಿಗೆ ತಾನಾಗಿ ಬಂದ ಹಾಗೆ ಕಾಣುತ್ತದೆ. ಒಂದು ಸಲ ಕ್ಲಿಕ್ ಮಾಡಿದರೋ ಎರಡು ಸಲವೋ ಗೊತ್ತಾಗುವುದಿಲ್ಲ. ಪೆಟ್ಟಿಗೆಯಲ್ಲಿ ಮುಂಚೆಯೇ ತುಂಬಿರುವ ಆಯ್ಕೆಗಳು ಅವರ ಹಿಂದಿನ ಕೆಲಸದಿಂದ ಉಳಿದವು, ಹೊಸ ಕಂಪ್ಯೂಟರಿನಲ್ಲಿ ಅವು ಇರುವುದಿಲ್ಲ. ಹಾಗಾಗಿ ಪಟ್ಟಿ ಮಾಡುವಾಗ ವಿಡಿಯೊ ನೋಡುತ್ತಾ ನೀವೂ ಟೂಲಿನಲ್ಲಿ ಅದೇ ಕೆಲಸ ಮಾಡಿ. ಎಲ್ಲಿ ನಿಮ್ಮ ಪರದೆ ವಿಡಿಯೊದಿಂದ ಬೇರೆಯಾಯಿತೋ ಅಲ್ಲಿ ಒಂದು ಹೆಜ್ಜೆ ಕಾಣದೆ ಹೋಗಿದೆ ಅಂತ ತಿಳಿಯಿರಿ.

ಧ್ವನಿಯಲ್ಲಿ ಹೇಳಿದ ಮಾತನ್ನೆಲ್ಲ ಬರೆಯಬೇಕಾ?

ಬೇಡ. "ಇಲ್ಲಿ ಒತ್ತಿ" ಅನ್ನುವ ಮಾತು ಚಿತ್ರದ ಗುರುತಿನಲ್ಲೇ ಬಂದುಬಿಡುತ್ತದೆ. ಬರೆದಿಟ್ಟುಕೊಳ್ಳಬೇಕಾದದ್ದು ಯಾಕೆ ಅನ್ನುವ ಮಾತುಗಳನ್ನು. ಅವು ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಸ್ಲೈಡಿನ ಕೆಳಗಿನ ನೋಟ್ಸ್ ಜಾಗವನ್ನೂ ತೆರೆದು ನೋಡಿ, ಎಷ್ಟೋ ಸಲ ಕಾರಣಗಳು ಅಲ್ಲಿರುತ್ತವೆ.

ತಾನಾಗಿಯೇ ಫ್ರೇಮ್ ಆರಿಸುವ ಕಮಾಂಡ್ ಇಲ್ಲವಾ?

ಇದೆ. ಪರದೆ ಎಷ್ಟು ಬದಲಾಯಿತು ಅಂತ ಅಳೆದು ಚಿತ್ರ ತೆಗೆಯುತ್ತದೆ:

```
ffmpeg -i media1.mp4 -vf "select='gt(scene,0.02)'" -fps_mode vfr karadu_%03d.png
```

`ffmpeg` ಹಳೇ ಆವೃತ್ತಿಯದಾದರೆ `-fps_mode` ಬದಲು `-vsync` ಅಂತ ಹಾಕಬೇಕು. ಇಂಟರ್‌ನೆಟ್ಟಿನಲ್ಲಿ ಸಿಗುವ ಉದಾಹರಣೆಗಳಲ್ಲಿ 0.02 ಇರುವ ಜಾಗದಲ್ಲಿ 0.3 ಅಥವಾ 0.4 ಇರುತ್ತದೆ. ಅದು ದೃಶ್ಯ ಪೂರ್ತಿ ಬದಲಾಗುವ ವಿಡಿಯೊಗಳಿಗೆ ಸರಿ. ಟೂಲ್ ಡೆಮೊದಲ್ಲಿ ಪರದೆಯ ಒಂದು ತುಂಡು ಮಾತ್ರ ಬದಲಾಗುವುದರಿಂದ ಒಂದು ಚಿತ್ರವೂ ಬರದೆ ಹೋಗಬಹುದು. 0.02ರಿಂದ ಶುರು ಮಾಡಿ, ಜಾಸ್ತಿ ಬಂದರೆ ಏರಿಸಿ, ಕಮ್ಮಿ ಬಂದರೆ ಇಳಿಸಿ. ಆದರೂ ಸಣ್ಣ ಚೆಕ್‌ಬಾಕ್ಸಿನ ಟಿಕ್ಕು, ಟೈಪ್ ಮಾಡಿದ ಒಂದು ಸಂಖ್ಯೆ ಇದಕ್ಕೆ ಸಿಗುವುದಿಲ್ಲ. ಜೊತೆಗೆ ಇದು ತೆಗೆಯುವುದು ಬದಲಾದ ನಂತರದ ಫ್ರೇಮು. ನಮಗೆ ಬೇಕಾದದ್ದು ಮುಂಚಿನದು. ಕರಡು ಪಟ್ಟಿಗೆ ಮಾತ್ರ ಬಳಸಿ.

ಒಂದು ಪಾಠವನ್ನು ಪೂರ್ತಿ ಮಾಡಿ ತೋರಿಸುತ್ತೀರಾ?

ನಾಲ್ಕು ನಿಮಿಷದ ವಿಡಿಯೊ. ಮಳೆ ಅಳತೆಯ ಸಿಎಸ್‌ವಿ ಫೈಲನ್ನು ಕ್ಯೂಜಿಐಎಸ್‌ಗೆ ತಂದು ನಕ್ಷೆ ಮೇಲೆ ಚುಕ್ಕಿಗಳಾಗಿ ತೋರಿಸುವುದು. ಫೈಲ್ ಹೀಗಿದೆ, ಮಳೆಯ ಸಂಖ್ಯೆಗಳು ಅಭ್ಯಾಸಕ್ಕೆಂದು ಹಾಕಿದವು:

```
ooru,akshamsha,rekhamsha,male_mm
Chikkamagaluru,13.32,75.77,12
Mudigere,13.13,75.64,31
Koppa,13.53,75.36,44
```

ಮೊದಲ ಚಿತ್ರ ಮೆನುವಿನದು. `Layer`, ಅದರೊಳಗೆ `Add Layer`, ಅದರೊಳಗೆ `Add Delimited Text Layer...`. ಮೂರೂ ಮೆನು ತೆರೆದಿರುವ ಒಂದೇ ಚಿತ್ರದಲ್ಲಿ 1, 2, 3 ಅಂತ ಗುರುತು. ಮೂರು ಚಿತ್ರ ಬೇಕಿಲ್ಲ. ವಿಡಿಯೊದಲ್ಲಿ ಇದನ್ನು ಕೀಬೋರ್ಡಿನಿಂದ ತೆರೆದಿದ್ದರು, ಮೆನು ಕಾಣಿಸಿಯೇ ಇರಲಿಲ್ಲ.

ಎರಡನೇ ಚಿತ್ರ ಪೆಟ್ಟಿಗೆಯ ಮೇಲ್ಭಾಗ. `File name` ಪಕ್ಕದ ಮೂರು ಚುಕ್ಕಿಯ ಬಟನ್ನಿಗೆ ಒಂದು ಗುರುತು.

ಮೂರನೆಯದು ಅದೇ ಪೆಟ್ಟಿಗೆಯ ಕೆಳಭಾಗ, `Sample Data`. ವಿಡಿಯೊದಲ್ಲಿ ಇದರ ಬಗ್ಗೆ ಮಾತೇ ಇಲ್ಲ. ಆದರೆ ಮೊದಲ ತಪ್ಪು ಸಿಕ್ಕಿಬೀಳುವ ಜಾಗ ಇದು. ನಾಲ್ಕು ಕಾಲಂ ಬೇರೆ ಬೇರೆಯಾಗಿ ಕಾಣಬೇಕು. ಎಲ್ಲವೂ ಒಂದೇ ಕಾಲಮಿನಲ್ಲಿ ಅಂಟಿಕೊಂಡಿದ್ದರೆ ಫೈಲಿನಲ್ಲಿ ಅಲ್ಪವಿರಾಮದ ಬದಲು ಬೇರೇನೋ ಇದೆ. `File Format` ಭಾಗಕ್ಕೆ ಹೋಗಿ `Custom delimiters` ಆರಿಸಿ ಆ ಚಿಹ್ನೆಗೆ ಟಿಕ್ ಹಾಕಬೇಕು.

ನಾಲ್ಕನೆಯದು `Geometry Definition`. ವಿಡಿಯೊದಲ್ಲಿ ಈ ಭಾಗ ಮುಂಚೆಯೇ ತೆರೆದಿತ್ತು. ಲ್ಯಾಬಿನ ಕಂಪ್ಯೂಟರಿನಲ್ಲಿ ಅದು ಮಡಚಿಕೊಂಡಿರಬಹುದು, ಪಕ್ಕದ ಪುಟ್ಟ ತ್ರಿಕೋನ ಒತ್ತಬೇಕು. ಅದಕ್ಕೇ ಇಲ್ಲಿ ಎರಡು ಚಿತ್ರ: ಮಡಚಿದ್ದು ಒಂದು, ತೆರೆದದ್ದು ಒಂದು. ತೆರೆದ ಚಿತ್ರದಲ್ಲಿ ಮೂರು ಗುರುತು. `X field` ಎದುರು `rekhamsha`, `Y field` ಎದುರು `akshamsha`, `Geometry CRS` ಎದುರು `EPSG:4326`, ಅಂದರೆ ಜಾಗವನ್ನು ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲಿ ಹೇಳುವ ಪದ್ಧತಿ. ಕಾರಣ ಇಲ್ಲಿ ಬರೆಯಲೇಬೇಕು. ಮಾತಿನಲ್ಲಿ ನಾವು ಅಕ್ಷಾಂಶ, ರೇಖಾಂಶ ಅಂತ ಆ ಕ್ರಮದಲ್ಲಿ ಹೇಳುತ್ತೇವೆ. ಫೈಲಿನಲ್ಲೂ ಅಕ್ಷಾಂಶವೇ ಮೊದಲ ಕಾಲಂ. ಹಾಗಾಗಿ ಮೊದಲನೆಯದನ್ನು `X`ಗೆ ಕೊಟ್ಟುಬಿಡುವುದು ಸಹಜ. ಆದರೆ ನಕ್ಷೆಯಲ್ಲಿ `X` ಅಂದರೆ ಪೂರ್ವ ಪಶ್ಚಿಮದ ಅಳತೆ, ಅದು ರೇಖಾಂಶ.

ಮುಂದಿನ ಚಿತ್ರ `Add` ಮತ್ತು `Close` ಬಟನ್ನುಗಳದ್ದು. `Add` ಒತ್ತಿದರೆ ಪೆಟ್ಟಿಗೆ ಮುಚ್ಚುವುದಿಲ್ಲ. ಏನೂ ಆಗಲಿಲ್ಲ ಅಂದುಕೊಂಡು ಮತ್ತೆ ಒತ್ತುತ್ತಾರೆ, ಎರಡು ಲೇಯರ್ ಬಂದು ಕೂರುತ್ತವೆ. ಇದನ್ನು ಗುರುತಿನ ಪಕ್ಕದ ಸಾಲಿನಲ್ಲೇ ಹೇಳಿ.

ಆಮೇಲೆ ಫಲಿತಾಂಶ. ಲೇಯರಿನ ಮೇಲೆ ರೈಟ್ ಕ್ಲಿಕ್ ಮಾಡಿ `Zoom to Layer(s)` ಕೊಟ್ಟ ನಂತರದ ನಕ್ಷೆ, ಮೂರು ಚುಕ್ಕಿ ಕಾಣುವ ಹಾಗೆ.

ಕೊನೆಗೆ ತಪ್ಪಾದಾಗಿನ ಚಿತ್ರ. ಇದು ವಿಡಿಯೊದಲ್ಲಿ ಇರುವುದೇ ಇಲ್ಲ, ನಾವೇ ಬೇಕಂತಲೇ ತಪ್ಪು ಮಾಡಿ ತೆಗೆಯಬೇಕು. `X`, `Y` ಅದಲುಬದಲು ಮಾಡಿದರೆ ಚಿಕ್ಕಮಗಳೂರು ಹೋಗಿ ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರದಲ್ಲಿ ಬೀಳುತ್ತದೆ. ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದ್ದರೆ ತಕ್ಷಣ ಗೊತ್ತಾಗುತ್ತದೆ. ನೆಟ್ ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಮೂರು ಚುಕ್ಕಿ ಕಾಣುತ್ತವೆ, ತಪ್ಪಾಗಿದೆ ಅಂತ ಅನಿಸುವುದೇ ಇಲ್ಲ. ಅದಕ್ಕೆ ನೆಟ್ ಬೇಡದ ಒಂದು ಪರೀಕ್ಷೆ ಸೇರಿಸಿದ್ದೇವೆ: ಲೇಯರಿನ `Properties` ತೆರೆದು `Information` ಪುಟದಲ್ಲಿ `Extent` ಸಾಲು ನೋಡುವುದು. ಅದು 75ರಿಂದ ಶುರುವಾದರೆ ಸರಿ. 13ರಿಂದ ಶುರುವಾದರೆ ಅದಲುಬದಲಾಗಿದೆ.

ಚಿತ್ರ ಸ್ಪಷ್ಟವಾಗಿದೆ, ಆದರೆ ಪ್ರಿಂಟಿನಲ್ಲಿ ಅಕ್ಷರ ಓದಲಾಗುತ್ತಿಲ್ಲ. ಯಾಕೆ?

ಪೂರ್ತಿ ಪರದೆಯನ್ನು ಹಾಕಿರುತ್ತೀರಿ. ಲೆಕ್ಕ ನೋಡಿ. ಎ4 ಹಾಳೆಯಲ್ಲಿ ಅಂಚು ಬಿಟ್ಟರೆ ಸಿಗುವ ಅಗಲ ಸುಮಾರು 170 ಮಿಲಿಮೀಟರ್. 1920 ಪಿಕ್ಸೆಲ್ ಅಗಲದ ಪರದೆಯನ್ನು ಅದರೊಳಗೆ ಕೂರಿಸಿದರೆ 12 ಪಿಕ್ಸೆಲ್ ಎತ್ತರದ ಅಕ್ಷರ 1 ಮಿಲಿಮೀಟರಿಗೆ ಇಳಿಯುತ್ತದೆ. ಯಾರಿಂದಲೂ ಓದಲಾಗದು. ಅದೇ ಪರದೆಯಿಂದ ಬೇಕಾದ ಪೆಟ್ಟಿಗೆಯನ್ನಷ್ಟೇ, 800 ಪಿಕ್ಸೆಲ್ ಅಗಲಕ್ಕೆ ಕತ್ತರಿಸಿ ಹಾಕಿದರೆ ಅಕ್ಷರ ಎರಡೂವರೆ ಮಿಲಿಮೀಟರ್ ಆಗುತ್ತದೆ. ಅಷ್ಟಿದ್ದರೆ ಸಾಕು.

ಕತ್ತರಿಸುವಾಗ ಪೆಟ್ಟಿಗೆಯ ಹೆಸರಿನ ಪಟ್ಟಿ ಬಿಡಬೇಡಿ. ಅದು ಇದ್ದರೆ ತಾನು ಸರಿಯಾದ ಪೆಟ್ಟಿಗೆಯಲ್ಲಿದ್ದೇನಾ ಅಂತ ವಿದ್ಯಾರ್ಥಿಗೆ ಗೊತ್ತಾಗುತ್ತದೆ. ಪೂರ್ತಿ ವಿಂಡೋ ತೋರಿಸಲೇಬೇಕಾದ ಕಡೆ, ಚಿತ್ರ ತೆಗೆಯುವ ಮುಂಚೆ ವಿಂಡೋವನ್ನೇ ಎಳೆದು ಚಿಕ್ಕದು ಮಾಡಿ. ಅಕ್ಷರದ ಅಳತೆ ಹಾಗೇ ಇರುತ್ತದೆ, ಸುತ್ತಲಿನ ಖಾಲಿ ಜಾಗ ಹೋಗುತ್ತದೆ.

ಗುರುತು ಹಾಕುವುದು ಹೇಗೆ? ಯಾವ ಟೂಲ್ ಬಳಸಬೇಕು?

ಗ್ರೀನ್‌ಶಾಟ್, ಫ್ಲೇಮ್‌ಶಾಟ್, ಶೇರ್‌ಎಕ್ಸ್ ಇವೆಲ್ಲ ಉಚಿತ. 1, 2, 3 ಅಂತ ತಾನಾಗಿ ಏರುವ ಸಂಖ್ಯೆಯ ಗುಂಡು ಗುರುತು ಇವುಗಳಲ್ಲಿದೆ. ಒಂದು ಸಲದ ಕೆಲಸಕ್ಕೆ ಇವು ಚೆನ್ನ. ವರ್ಷ ವರ್ಷ ತಿದ್ದಬೇಕಾದ ಕೈಪಿಡಿಗೆ ನಾವು ಲಿಬ್ರೆಆಫೀಸ್ ಡ್ರಾ ಬಳಸುತ್ತೇವೆ. ಕೆಳಗೆ ಚಿತ್ರ, ಮೇಲೆ ಬೇರೆಯಾಗಿ ಗುರುತುಗಳು. ಟೂಲಿನ ಹೊಸ ಆವೃತ್ತಿ ಬಂದಾಗ ಕೆಳಗಿನ ಚಿತ್ರ ಬದಲಿಸಿ ಗುರುತನ್ನು ಸ್ವಲ್ಪ ಸರಿಸಿದರೆ ಮುಗಿಯಿತು. ಪವರ್‌ಪಾಯಿಂಟಿನಲ್ಲೂ ಇದನ್ನೇ ಮಾಡಬಹುದು. ಆದರೆ ಸ್ಲೈಡನ್ನು ಪಿಎನ್‌ಜಿಯಾಗಿ ಉಳಿಸಿದರೆ ಅದು ಸಾಮಾನ್ಯವಾಗಿ 1280×720 ಅಳತೆಗೆ ಇಳಿಸಿಬಿಡುತ್ತದೆ, ಅಕ್ಷರ ಮಂಕಾಗುತ್ತದೆ. ಪಿಡಿಎಫ್ ಆಗಿ ಉಳಿಸಿ.

ಚಿತ್ರದ ಮೇಲೆ ಸಂಖ್ಯೆ ಮತ್ತು ಚೌಕ ಬಿಟ್ಟು ಬೇರೇನೂ ಬರೆಯಬೇಡಿ. ವಿವರಣೆ ಚಿತ್ರದ ಕೆಳಗೆ ಇರಲಿ. ಚಿತ್ರದೊಳಗೆ ಬರೆದ ಮಾತನ್ನು ಹುಡುಕಲು ಬರುವುದಿಲ್ಲ, ಫೋನಿನಲ್ಲಿ ದೊಡ್ಡದು ಮಾಡಿದರೆ ಸಾಲು ಮುರಿದು ಕೂರುವುದಿಲ್ಲ, ದೃಷ್ಟಿ ಇಲ್ಲದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದೂ ಇಲ್ಲ. ಒಂದು ಚಿತ್ರದಲ್ಲಿ ನಾಲ್ಕಕ್ಕಿಂತ ಜಾಸ್ತಿ ಗುರುತು ಬಂದರೆ ಅದನ್ನು ಎರಡು ಮಾಡಿ. ಕಾಲೇಜಿನ ಪ್ರಿಂಟರಿನಲ್ಲಿ ಬರುವುದು ಕಪ್ಪು ಬಿಳುಪು. ಅದರಲ್ಲಿ ಕೆಂಪು ಚೌಕ, ಹಸಿರು ಚೌಕ ಎರಡೂ ಬೂದು ಬಣ್ಣವೇ. "ಕೆಂಪು ಚೌಕ ನೋಡಿ" ಅಂತ ಬರೆಯಬೇಡಿ, "ಗುರುತು 2 ನೋಡಿ" ಅಂತ ಬರೆಯಿರಿ. ಕಪ್ಪು ಗುಂಡಿನೊಳಗೆ ಬಿಳಿ ಸಂಖ್ಯೆ ಎಲ್ಲ ಕಡೆ ಕಾಣುತ್ತದೆ.

ಬಟನ್ನಿನ ಹೆಸರುಗಳನ್ನು ಕನ್ನಡ ಮಾಡಬೇಕಾ?

ಪರದೆಯಲ್ಲಿ ಹೇಗಿದೆಯೋ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ, ದಪ್ಪ ಅಕ್ಷರದಲ್ಲಿ. ಸುತ್ತಲಿನ ಮಾತು ಕನ್ನಡದಲ್ಲಿರಲಿ. ವಿದ್ಯಾರ್ಥಿ ಪರದೆಯಲ್ಲಿ ಹುಡುಕುವುದು ಆ ಆಕಾರವನ್ನು. ಕನ್ನಡಕ್ಕೆ ಯುನಿಕೋಡ್ ಫಾಂಟನ್ನೇ ಬಳಸಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡ್ ನೋಟ್ಸ್ ಇದ್ದರೆ ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

ಚಿತ್ರದಲ್ಲಿ ಹೆಸರು, ಇಮೇಲ್ ಎಲ್ಲ ಕಾಣುತ್ತಿವೆ. ಮಸುಕು ಮಾಡಿದರೆ ಸಾಕಾ?

ಸಾಲದು. ಮಸುಕು ಮಾಡಿದ ಅಕ್ಷರವನ್ನು, ಅದರಲ್ಲೂ ಅಂಕಿಗಳನ್ನು, ಕೆಲವೊಮ್ಮೆ ಊಹಿಸಿ ಓದಬಹುದು. ಪೂರ್ತಿ ಬಣ್ಣ ತುಂಬಿದ ಚೌಕದಿಂದ ಮುಚ್ಚಿ, ಆಮೇಲೆ ಚಿತ್ರವಾಗಿ ಉಳಿಸಿ. ವರ್ಡ್‌ನಲ್ಲಿ ಚಿತ್ರವನ್ನು ಕತ್ತರಿಸಿದರೆ ಕತ್ತರಿಸಿದ ಭಾಗ ಫೈಲಿನಲ್ಲೇ ಉಳಿದಿರುತ್ತದೆ. `Compress Pictures` ಒಳಗೆ `Delete cropped areas of pictures` ಟಿಕ್ ಮಾಡಿದರೆ ಮಾತ್ರ ಹೋಗುತ್ತದೆ. ಇದಕ್ಕಿಂತ ಒಳ್ಳೆಯದು, ಲ್ಯಾಬಿನಲ್ಲಿ ಚಿತ್ರ ತೆಗೆಯಲೆಂದೇ ಬೇರೆ ಯೂಸರ್ ಖಾತೆ ಮಾಡಿ, ಅಭ್ಯಾಸದ ಫೈಲನ್ನೇ ಬಳಸುವುದು. ಆಗ ಮುಚ್ಚುವುದಕ್ಕೆ ಏನೂ ಇರುವುದಿಲ್ಲ.

ವಿಡಿಯೊ ಬೇರೆಯವರದು. ಅದರ ಚಿತ್ರ ಬಳಸಬಹುದಾ?

ವಿಡಿಯೊದ ಲೈಸೆನ್ಸ್ ನೋಡಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ವಿಡಿಯೊಗಳು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿವೆ. ಮೂಲದ ಹೆಸರು ಹಾಕಿ, ನೀವು ಮಾಡಿದ್ದನ್ನೂ ಅದೇ ಲೈಸೆನ್ಸಿನಲ್ಲಿ ಹಂಚಬೇಕು. ಲೈಸೆನ್ಸ್ ಏನೂ ಬರೆದಿಲ್ಲ ಅಂದರೆ ಮಾಡಿದವರನ್ನು ಕೇಳಿ. ಹೊಸದಾಗಿ ನೀವೇ ಟೂಲ್ ತೆರೆದು, ನಿಮ್ಮದೇ ಫೈಲ್ ಹಾಕಿ, ನಿಮ್ಮದೇ ಮಾತಿನಲ್ಲಿ ಬರೆದರೆ ಈ ಪ್ರಶ್ನೆ ಬಹುಮಟ್ಟಿಗೆ ಬರುವುದಿಲ್ಲ.

ಚಿತ್ರದಲ್ಲಿ ಹಿಡಿಯಲಾಗದ್ದು ಇರುತ್ತದಲ್ಲ?

ಇರುತ್ತದೆ. ನಕ್ಷೆ ಮೇಲೆ ತೋಟದ ಗಡಿ ಎಳೆಯುವುದು, ಒಂದರ ಮೇಲೊಂದು ಎಳೆದು ತಂದು ಬಿಡುವುದು, ಇಂಥವು ಕೈಯ ಚಲನೆ. ಶುರು, ನಡುವೆ, ಕೊನೆ ಅಂತ ಮೂರು ಚಿತ್ರ ಕೊಡಿ, ಎಳೆಯುವ ದಿಕ್ಕಿಗೆ ಬಾಣ ಹಾಕಿ. ಅದರಲ್ಲೂ ತಿಳಿಯದಿದ್ದರೆ ಆ ಹೆಜ್ಜೆಯ ವಿಡಿಯೊವನ್ನಷ್ಟೇ ಕೆಲವು ಸೆಕೆಂಡಿನ ತುಂಡು ಮಾಡಿ ಉಳಿಸಿ. ಪೂರ್ತಿ ವಿಡಿಯೊ ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ. ಕ್ಲಾಸಿನಲ್ಲಿ ಒಮ್ಮೆ ತೋರಿಸಲು ಅದು ಇರಲಿ.

ಕೈಪಿಡಿ ಸರಿಯಾಗಿದೆಯಾ ಅಂತ ತಿಳಿಯೋದು ಹೇಗೆ?

ವಿಡಿಯೊ ನೋಡಿರದ ಒಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟು ಹಿಂದೆ ಕೂರಿ. ಮಾತಾಡಬೇಡಿ. ಎಲ್ಲಿ ಕೈ ನಿಂತಿತು, ಎಲ್ಲಿ ಹಾಳೆ ಹಿಂದಕ್ಕೆ ತಿರುಗಿಸಿದ ಅನ್ನುವುದನ್ನಷ್ಟೇ ಬರೆದುಕೊಳ್ಳಿ.

ಮಳೆ ಪಾಠವನ್ನು ಹೀಗೆ ಕೊಟ್ಟಾಗ ಕಳಸದ ಕಡೆಯ ಒಬ್ಬ ಹುಡುಗಿ ಎಲ್ಲ ಹೆಜ್ಜೆ ಮುಗಿಸಿ, "ಮೇಡಂ, ಚುಕ್ಕಿ ಎಲ್ಲೂ ಕಾಣ್ತಿಲ್ಲ" ಅಂದಳು. ಎಡಗಡೆ ಲೇಯರ್ ಪಟ್ಟಿಯಲ್ಲಿ ಹೆಸರು ಬಂದಿತ್ತು, `Extent` ಕೂಡ 75ರಿಂದಲೇ ಶುರುವಾಗಿತ್ತು. ಅವಳು ಅದಕ್ಕೂ ಮುಂಚೆ ಬೇರೆ ನಕ್ಷೆ ತೆರೆದು ಎಲ್ಲೋ ಹತ್ತಿರಕ್ಕೆ ಹೋಗಿದ್ದಳು. ಪರದೆಯ ನೋಟ ಅಲ್ಲೇ ನಿಂತಿತ್ತು. ವಿಡಿಯೊದಲ್ಲಿ ಖಾಲಿ ಪ್ರಾಜೆಕ್ಟಿನಿಂದ ಶುರು ಮಾಡಿದ್ದರಿಂದ ನೋಟ ತಾನಾಗಿ ಚುಕ್ಕಿಗಳ ಕಡೆ ಹೋಗಿತ್ತು, `Zoom to Layer(s)` ಹೆಜ್ಜೆಯೇ ಅಲ್ಲಿರಲಿಲ್ಲ. ಅದನ್ನು ಕೈಪಿಡಿಗೆ ಸೇರಿಸಿದ್ದು ಅವತ್ತು. ಮೊದಲ ಸಾಲಾಗಿ "ಹೊಸ ಖಾಲಿ ಪ್ರಾಜೆಕ್ಟ್ ತೆರೆಯಿರಿ" ಅನ್ನುವುದೂ ಸೇರಿತು.

ವಿದ್ಯಾರ್ಥಿಗಳಿಗೆ ಕಳಿಸೋದು ಹೇಗೆ?

ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಚಿತ್ರಗಳನ್ನು ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅವನ್ನು ಕುಗ್ಗಿಸುತ್ತದೆ, ಅಕ್ಷರ ಹಾಳಾಗುತ್ತದೆ. ಲ್ಯಾಬಿನಲ್ಲಿ ಪ್ರತಿ ಟೇಬಲ್ಲಿಗೆ ಒಂದು ಪ್ರಿಂಟ್ ಇಡಿ.

ಟೂಲಿನ ಹೊಸ ಆವೃತ್ತಿ ಬಂದರೆ ಎಲ್ಲ ಮತ್ತೆ ಮಾಡಬೇಕಾ?

ಮೊದಲ ಪುಟದಲ್ಲಿ ಟೂಲಿನ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಪರದೆಯ ಅಳತೆ, ಚಿತ್ರ ತೆಗೆದ ತಿಂಗಳು ಬರೆದಿಡಿ. ಕ್ಯೂಜಿಐಎಸ್‌ನಲ್ಲಿ ದೀರ್ಘಕಾಲ ಬೆಂಬಲ ಸಿಗುವ ಎಲ್‌ಟಿಆರ್ ಆವೃತ್ತಿ ಇದೆ. ಲ್ಯಾಬಿನಲ್ಲಿ ಅದನ್ನೇ ಹಾಕಿದರೆ ಪೆಟ್ಟಿಗೆಗಳು ಪದೇ ಪದೇ ಬದಲಾಗುವುದಿಲ್ಲ.

ಚಿತ್ರಗಳ ಹೆಸರನ್ನು `hejje010`, `hejje020`, `hejje030` ಅಂತ ಹತ್ತರ ಅಂತರದಲ್ಲಿ ಕೊಡಿ. ನಡುವೆ ಒಂದು ಹೆಜ್ಜೆ ಸೇರಿಸಬೇಕಾದರೆ `hejje025` ಅಂತ ಹಾಕಬಹುದು, ಉಳಿದದ್ದನ್ನು ಮುಟ್ಟುವ ಕೆಲಸ ಇಲ್ಲ. ಗುರುತು ಹಾಕದ ಮೂಲ ಚಿತ್ರ, ಡ್ರಾ ಫೈಲ್, ಅಭ್ಯಾಸದ ಸಿಎಸ್‌ವಿ ಮೂರನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಹೊಸ ಆವೃತ್ತಿ ಬಂದಾಗ ಕೈಪಿಡಿ ಹಿಡಿದು ಅದೇ ಸಿಎಸ್‌ವಿಯಿಂದ ಪಾಠವನ್ನು ಒಮ್ಮೆ ಮಾಡಿ. ಪರದೆ ಬೇರೆಯಾಗಿ ಕಂಡ ಹೆಜ್ಜೆಗಳ ಚಿತ್ರ ಮಾತ್ರ ಬದಲಿಸಿ. ಬಣ್ಣ ಅಥವಾ ಐಕಾನಿನ ರೂಪ ಸ್ವಲ್ಪ ಬದಲಾಗಿದ್ದರೆ ಬಿಡಿ, ಹುಡುಗರು ಗುರುತಿಸುತ್ತಾರೆ. ಬಟನ್ನಿನ ಹೆಸರು ಅಥವಾ ಜಾಗ ಬದಲಾಗಿದ್ದರೆ ಮಾತ್ರ ಆ ವಾರವೇ ತಿದ್ದಿ, ಟೇಬಲ್ ಮೇಲಿನ ಹಳೇ ಪ್ರಿಂಟುಗಳನ್ನು ತೆಗೆದುಬಿಡಿ.